ಸಂಬಳದಲ್ಲಿ ಉಪ್ಪೆಷ್ಟು?

ತಿಂಗಳ ಮೊದಲನೆಯ ತಾರೀಖು ಅಧ್ಯಾಪಕರ ಮುಖದಲ್ಲಿ ಒಂದು ವಿಶೇಷ ಕಳೆಯಿರುವುದನ್ನು ವಿದ್ಯಾರ್ಥಿಗಳು ಬಲ್ಲರು. ಆ ದಿನ ಇತಿಹಾಸದ ರಾಯರೂ ಪ್ರಸನ್ನರಾಗಿದ್ದರು. ರೋಮನ್ ಸಾಮ್ರಾಜ್ಯದ ಸೈನ್ಯವ್ಯವಸ್ಥೆಯನ್ನು ವಿವರಿಸುತ್ತ ವಿವರಿಸುತ್ತ, ಇಪ್ಪತ್ತು ವರ್ಷಗಳಿಂದ ತಪ್ಪದೆ ಹೇಳಿಕೊಂಡು ಬಂದಿದ್ದ ಮಾತನ್ನು ಅಂದೂ ಹೇಳಿದರು: “ರೋಮಿನ ಸೈನಿಕರಿಗೆ ಸಂಬಳವನ್ನು ಉಪ್ಪಿನಲ್ಲಿ ಕೊಡುತ್ತಿದ್ದರು. ಲ್ಯಾಟಿನ್ನಿನಲ್ಲಿ ಉಪ್ಪಿಗೆ ‘ಸಾಲ್’ ಎಂದು ಹೆಸರು. ಅದರಿಂದ ‘ಸಲಾರಿಯಂ’, ಅದರಿಂದಲೇ ಇಂಗ್ಲಿಷಿನ ‘ಸ್ಯಾಲರಿ’.”

ಪ್ರತಿವರ್ಷ ಈ ಮಾತಿಗೆ ತರಗತಿಯಲ್ಲಿ ಒಂದು ಮೆಚ್ಚುಗೆಯ ಗುಜುಗುಜು ಏಳುತ್ತಿತ್ತು. ಈ ಸಲವೂ ಎದ್ದಿತು. ಅದು ಅಡಗಿದ ಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಗೋಕರ್ಣದ ಸಮೀಪದ ಸಾಣಿಕಟ್ಟೆಯವನು, ಮಾತು ಕಡಿಮೆ.

“ಸರ್, ನಮ್ಮ ತಂದೆ ಉಪ್ಪಿನ ಆಗರದಲ್ಲಿ ಕೆಲಸ ಮಾಡುತ್ತಾರೆ. ಅಲ್ಲಿಯೂ ಕೂಲಿಯನ್ನು ಹಣದಲ್ಲಿಯೇ ಕೊಡುತ್ತಾರೆ. ಉಪ್ಪು ಭಾರವಾದ ಪದಾರ್ಥ. ಮಳೆ ಬಿದ್ದರೆ ಕರಗಿ ಹೋಗುತ್ತದೆ. ದೂರದೇಶಕ್ಕೆ ದಂಡೆತ್ತಿ ಹೋದ ಸೈನಿಕ ಮೂಟೆ ಉಪ್ಪನ್ನು ಹೊತ್ತುಕೊಂಡು ಏನು ಮಾಡುತ್ತಿದ್ದ? ಇದನ್ನು ನೋಡಿದವರು ಯಾರಾದರೂ ಬರೆದಿಟ್ಟಿದ್ದಾರೆಯೆ?”

ತರಗತಿ ನಕ್ಕಿತು. ರಾಯರು ನಗಲಿಲ್ಲ. ಯಾರು ಬರೆದಿಟ್ಟಿದ್ದಾರೆಂದು ಅವರು ಎಂದೂ ಕೇಳಿಕೊಂಡಿರಲಿಲ್ಲ. ತಮ್ಮ ಗುರುಗಳು ಹೇಳಿದ್ದನ್ನು ಅವರು ಕೇಳಿದ್ದರು. ತಾವು ಕೇಳಿದ್ದನ್ನು ಹೇಳಿದ್ದರು. “ಕೂತುಕೋಪ್ಪ. ನೋಡಿ ಹೇಳುತ್ತೇನೆ” ಎಂದು ಪುಸ್ತಕ ಮುಚ್ಚಿದರು.

ಅಂದಿನ ಸಂಜೆಯಿಂದಲೇ ಗ್ರಂಥಾಲಯದಲ್ಲಿ ಹುಡುಕಾಟ ಮೊದಲಾಯಿತು. ಮೊದಲು ಸಿಕ್ಕಿದವನು ಹಿರಿಯ ಪ್ಲಿನಿ. ಕ್ರಿ. ಶ. 79ರಲ್ಲಿ ವಿಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಪ್ರಾಣಬಿಟ್ಟ ಈ ರೋಮನ್ ಪಂಡಿತ, ತನ್ನ ‘ಪ್ರಕೃತಿ ಚರಿತ್ರೆ’ಯ 31ನೆಯ ಭಾಗದಲ್ಲಿ ಉಪ್ಪಿನ ಮಹಿಮೆಯನ್ನು ವಿಸ್ತಾರವಾಗಿ ಬಣ್ಣಿಸಿದ್ದಾನೆ. ಅಧಿಕಾರಪದವಿಗಳಲ್ಲಿಯೂ ಸೈನ್ಯಸೇವೆಯಲ್ಲಿಯೂ ಉಪ್ಪಿಗೆ ಒಂದು ಸ್ಥಾನವುಂಟೆಂದೂ, ‘ಸಲಾರಿಯಂ’ ಎಂಬ ಹೆಸರು ಅದರಿಂದಲೇ ಬಂದಿತೆಂದೂ ಅವನ ಅಭಿಪ್ರಾಯ. ಅಷ್ಟೇ. ಸೈನಿಕರಿಗೆ ಉಪ್ಪನ್ನು ಅಳೆದು ಕೊಡುತ್ತಿದ್ದರೆಂದು ಅವನು ಹೇಳಿಲ್ಲ. ಉಪ್ಪು ಕೊಳ್ಳಲು ಹಣ ಕೊಡುತ್ತಿದ್ದರೆಂದೂ ಹೇಳಿಲ್ಲ.

ಹಾಗಾದರೆ ಕಥೆ ಎಲ್ಲಿಂದ ಬಂತು? 1879ರಲ್ಲಿ ಅಚ್ಚಾದ ಲೂಯಿಸ್ ಮತ್ತು ಶಾರ್ಟರ ದೊಡ್ಡ ಲ್ಯಾಟಿನ್ ನಿಘಂಟನ್ನು ತೆರೆದಾಗ ರಾಯರಿಗೆ ಸುಳಿವು ಸಿಕ್ಕಿತು. ‘ಸಲಾರಿಯಂ’ ಎಂದರೆ ಮೂಲತಃ ಸೈನಿಕರಿಗೆ ಉಪ್ಪಿಗಾಗಿ ಕೊಡುತ್ತಿದ್ದ ಹಣ ಎಂದು ಅಲ್ಲಿ ನಿಸ್ಸಂದೇಹವಾಗಿ ಅರ್ಥ ಬರೆದಿದೆ. ಪ್ಲಿನಿ ಬಿಟ್ಟಿದ್ದ ಖಾಲಿ ಜಾಗವನ್ನು ಪಂಡಿತರ ಊಹೆ ತುಂಬಿತ್ತು. ಮುಂದೆ ‘ಉಪ್ಪಿನ ಹಣ’ದಿಂದ ‘ಹಣ’ವೂ ಉದುರಿಹೋಗಿ, ಬರಿಯ ಉಪ್ಪು ಉಳಿದುಕೊಂಡಿತು.

ಊಹೆ ತೀರ ಬುಡವಿಲ್ಲದ್ದೂ ಅಲ್ಲ. ಲ್ಯಾಟಿನ್ನಿನಲ್ಲಿ ‘ಕಾಲ್ಸಿಯಾರಿಯಂ’ ಎಂಬ ಮಾತುಂಟು. ಜೋಡಿನ ಖರ್ಚಿಗೆ ಕೊಡುವ ಹಣವೆಂದು ಅದರ ಅರ್ಥ. ವೆಸ್ಪೇಸಿಯನ್ ಚಕ್ರವರ್ತಿಯ ಕಾಲದಲ್ಲಿ ಬಂದರುಗಳಿಂದ ರೋಮಿಗೆ ನಡೆದು ಬರುತ್ತಿದ್ದ ನೌಕಾಪಡೆಯವರು ತಮಗೆ ಇಂಥ ಜೋಡಿನ ಹಣ ಬೇಕೆಂದು ಬೇಡಿದರಂತೆ. ಇನ್ನು ಮೇಲೆ ಬರಿಗಾಲಿನಲ್ಲಿಯೇ ಓಡಾಡಿರೆಂದು ಆ ಜಿಪುಣ ದೊರೆ ಆಜ್ಞೆ ಮಾಡಿದನೆಂದು ಸ್ಯೂಟೋನಿಯಸ್ ಬರೆದಿದ್ದಾನೆ. ಜೋಡಿಗೆ ಒಂದು ಹಣವಿದ್ದ ಮೇಲೆ ಉಪ್ಪಿಗೂ ಒಂದು ಹಣ ಇದ್ದಿರಬಹುದೆಂದು ವಿದ್ವಾಂಸರು ಊಹಿಸಿದರೆ ತಪ್ಪೇನು? ತಪ್ಪಿಲ್ಲ, ಆದರೆ ಜೋಡಿನ ಹಣಕ್ಕೆ ಸಾಕ್ಷಿಯಿದೆ, ಉಪ್ಪಿನ ಹಣಕ್ಕೆ ಇಲ್ಲ.

ಸೈನಿಕನ ಸಂಬಳಕ್ಕೆ ರೋಮನರು ಇಟ್ಟಿದ್ದ ಹೆಸರೂ ಬೇರೆ. ಅದು ‘ಸ್ಟಿಪೆಂಡಿಯಂ’, ನಾಣ್ಯವನ್ನು ತೂಗಿ ಕೊಡುವುದೆಂಬ ಅರ್ಥದಿಂದ ಹುಟ್ಟಿದ ಮಾತು. ‘ಸಲಾರಿಯಂ’ ಆ ಕಾಲದಲ್ಲಿ ಹೆಚ್ಚಾಗಿ ಕೇಳಿಬರುತ್ತಿದ್ದುದು ದೊಡ್ಡ ಅಧಿಕಾರಿಗಳ ವಿಷಯದಲ್ಲಿ. ಬ್ರಿಟನ್ನನ್ನು ಗೆದ್ದು ಬಂದ ಅಗ್ರಿಕೋಲನಿಗೆ, ಪ್ರಾಂತಾಧಿಪತಿಗಳಿಗೆ ಸಲ್ಲುವ ಸಲಾರಿಯಂ ಕೊಡದೆ ಚಕ್ರವರ್ತಿ ಡೊಮಿಷಿಯನ್ ಸುಮ್ಮನಾದನೆಂದು ಅವನ ಅಳಿಯ ಟ್ಯಾಸಿಟಸ್ ಅಸಮಾಧಾನದಿಂದ ಬರೆದಿದ್ದಾನೆ. ಆ ವೇಳೆಗೆ ಹೆಸರಿನಲ್ಲಿ ಉಪ್ಪು ಇತ್ತೇ ಹೊರತು ಕೈಗೆ ಬರುತ್ತಿದ್ದದ್ದು ಹಣವೇ.

ಆದರೆ ರಾಯರಿಗೆ ಎಲ್ಲಕ್ಕಿಂತ ಹೆಚ್ಚಾಗಿ ಮನಸ್ಸಿಗೆ ನಾಟಿದ್ದು ಒಬ್ಬ ಸಾಮಾನ್ಯ ಸೈನಿಕನ ಲೆಕ್ಕದ ಚೀಟಿ. 1963ರಿಂದ 1965ರವರೆಗೆ ಮೃತಸಮುದ್ರದ ದಡದಲ್ಲಿರುವ ಮಸಾಡ ಎಂಬ ಬೆಟ್ಟದ ಕೋಟೆಯಲ್ಲಿ ಯಿಗಾಲ್ ಯಾದಿನ್ ನಡೆಸಿದ ಉತ್ಖನನದಲ್ಲಿ, ಪೆಪೈರಸ್ ಹಾಳೆಯ ಮೇಲೆ ಬರೆದ ಈ ಚೀಟಿ ದೊರಕಿತು. ಬೇರೂತಿನಿಂದ ಬಂದ ಗೇಯಸ್ ಮೆಸಿಯಸ್ ಎಂಬ ಸಿಪಾಯಿಯ ಸಂಬಳದ ಲೆಕ್ಕ ಅದು. ಕಾಲ ಅದೇ ವೆಸ್ಪೇಸಿಯನ್ನನ ಆಳ್ವಿಕೆ. ಹಾಳೆ ಸವೆದಿದೆ, ಓದಲು ಬರುವಷ್ಟರ ಮಟ್ಟಿಗೆ ಲೆಕ್ಕ ಹೀಗಿದೆ: ಒಂದು ಕಂತಿನಲ್ಲಿ ಅವನ ಹೆಸರಿಗೆ ಬಂದದ್ದು 50 ದೆನಾರಿಯಸ್ ನಾಣ್ಯಗಳು. ಅದರಲ್ಲಿ ಜವೆಗೋಧಿಯ ಬಾಬ್ತು 16, ಊಟದ ಖರ್ಚು 20, ಜೋಡಿಗೆ 5, ಚರ್ಮದ ಪಟ್ಟಿಗೆ 2, ನಾರುಬಟ್ಟೆಯ ಅಂಗಿಗೆ 7.

ರಾಯರು ಪೆನ್ಸಿಲಿನಿಂದ ಕೂಡಿಸಿ ನೋಡಿದರು. ಸರಿಯಾಗಿ ಐವತ್ತು. ಕೈಗೆ ಬಂದದ್ದು ಸೊನ್ನೆ! ಎರಡು ಸಾವಿರ ವರ್ಷಗಳ ಹಿಂದಿನ ಈ ಸಂಬಳಗಾರನ ಮೇಲೆ ಅವರಿಗೆ ಒಡಹುಟ್ಟಿದವನ ಮೇಲಿನಂಥ ಮಮತೆ ಉಕ್ಕಿತು. ಇನ್ನೊಮ್ಮೆ ಪಟ್ಟಿಯನ್ನು ಓದಿದರು. ಉಪ್ಪು ಬಂದದ್ದೂ ಇಲ್ಲ, ಉಪ್ಪಿಗೆಂದು ಹಣ ಬಂದದ್ದೂ ಇಲ್ಲ. ಭೂಮಿಯ ಮೇಲಿನ ಅತ್ಯಂತ ಉಪ್ಪಾದ ನೀರುಗಳಲ್ಲೊಂದರ ಎದುರಿಗೆ ಕಾವಲು ನಿಂತಿದ್ದವನ ಸಂಬಳದಲ್ಲಿ ಉಪ್ಪಿನ ಸುದ್ದಿಯೇ ಇಲ್ಲ. ಒಂದು ಚೀಟಿಯಿಂದ ಇಡೀ ಸಾಮ್ರಾಜ್ಯದ ಪದ್ಧತಿಯನ್ನು ನಿರ್ಣಯಿಸಲಾಗದೆಂಬುದು ಇತಿಹಾಸದ ಅಧ್ಯಾಪಕರಿಗೆ ತಿಳಿಯದ್ದಲ್ಲ. ಆದರೂ ಕಥೆಯ ಪಕ್ಷಕ್ಕೆ ಒಂದು ಚೀಟಿಯೂ ಇರಲಿಲ್ಲ.

ಮುಂದಿನ ವಾರ ರಾಯರು ತರಗತಿಯಲ್ಲಿ ಮೊದಲು ಆ ಹುಡುಗನನ್ನು ಎಬ್ಬಿಸಿದರು. “ನಿನ್ನ ಅನುಮಾನ ಸರಿ. ಪದಕ್ಕೆ ಉಪ್ಪಿನ ನಂಟು ಉಂಟು, ಅದು ಖಂಡಿತ. ಆ ನಂಟು ಹೇಗೆ ಬೆಳೆಯಿತೆಂಬುದನ್ನು ಹಳಬರು ಯಾರೂ ಹೇಳಿಲ್ಲ. ಉಳಿದದ್ದನ್ನು ನಾನು ವಿಚಾರಿಸದೆ ಹೇಳುತ್ತಿದ್ದೆ” ಎಂದರು. ಉಪ್ಪಿನ ಋಣದ ಮಾತನ್ನು ಆಡುತ್ತ ಬೆಳೆದ ನಮಗೆ ಇಂಥ ಕಥೆ ಒಡನೆ ರುಚಿಸುತ್ತದೆಂದೂ, ರುಚಿಸಿದ್ದನ್ನು ಯಾರೂ ಪರೀಕ್ಷಿಸುವುದಿಲ್ಲವೆಂದೂ ಸೇರಿಸಿದರು.

ಹುಡುಗ ಕೂರಲಿಲ್ಲ. “ಹಾಗಾದರೆ ನಮ್ಮ ‘ಸಂಬಳ’ ಎಲ್ಲಿಂದ ಬಂತು, ಸರ್?”

ಈ ಸಲ ರಾಯರು ಸಿದ್ಧವಾಗಿಯೇ ಬಂದಿದ್ದರು. “ಸಂಸ್ಕೃತದ ‘ಶಂಬಲ’ದಿಂದ. ದಾರಿಯ ಬುತ್ತಿ ಎಂದು ಅದರ ಅರ್ಥ. ಪ್ರಯಾಣಿಕ ಊರು ಮುಟ್ಟುವವರೆಗೆ ಸಾಲುವಷ್ಟು.”

“ತಿಂಗಳ ಕೊನೆ ಮುಟ್ಟುವವರೆಗೆ” ಎಂದು ಯಾರೋ ಪಿಸುಗುಟ್ಟಿದರು. ತರಗತಿ ನಕ್ಕಿತು, ಈ ಸಲ ರಾಯರೂ ನಕ್ಕರು.

ಆ ರಾತ್ರಿ ಅವರು ಇಪ್ಪತ್ತು ವರ್ಷಗಳ ಹಳೆಯ ಟಿಪ್ಪಣಿ ಪುಸ್ತಕವನ್ನು ತೆಗೆದು ಉಪ್ಪಿನ ಸಾಲನ್ನು ಹೊಡೆದುಹಾಕಿದರು. ಅದರ ಪಕ್ಕದ ಅಂಚಿನಲ್ಲಿ ಗೇಯಸ್ ಮೆಸಿಯಸ್ಸನ ಲೆಕ್ಕವನ್ನು ಬರೆದುಕೊಂಡರು. ಹದಿನಾರು, ಇಪ್ಪತ್ತು, ಐದು, ಎರಡು, ಏಳು. ಅದರ ಕೆಳಗೆ ಆ ತಿಂಗಳ ಬಾಡಿಗೆ, ಹಾಲು, ದಿನಸಿಯ ಲೆಕ್ಕವನ್ನೂ ಬರೆಯತೊಡಗಿ, ಅರ್ಧಕ್ಕೇ ನಿಲ್ಲಿಸಿ, ದೀಪ ಆರಿಸಿದರು.