ಸೋತವನಿಗೆ ನಾಳೆ ಇನ್ನೊಂದು ರೇಸಿದೆ

2024ರ ಜುಲೈ 27, ಶನಿವಾರ. ಪ್ಯಾರಿಸ್ ಒಲಿಂಪಿಕ್ಸ್ ಉದ್ಘಾಟನೆಯಾಗಿ ಇನ್ನೂ ಒಂದು ದಿನ ಆಗಿತ್ತಷ್ಟೆ. ಊರಿಗೆ ಹೋಗಿದ್ದೆ. ಮಧ್ಯಾಹ್ನದ ಹೊತ್ತು, ಅಡುಗೆಮನೆಯಿಂದ ಒಗ್ಗರಣೆಯ ವಾಸನೆ, ಟಿವಿಯ ಮುಂದೆ ಅಪ್ಪ, ಅಣ್ಣನ ಮಗ ಮತ್ತು ನಾನು. ರೋಯಿಂಗ್‌ನಲ್ಲಿ ನಮ್ಮ ದೇಶದ ಬಲರಾಜ್ ಪನ್ವಾರ್ ಇಳಿಯುವುದಿತ್ತು. ಏಳು ನಿಮಿಷದಲ್ಲಿ ಎಲ್ಲಾ ಮುಗಿದು ಬಲರಾಜ್ ನಾಲ್ಕನೆಯವನಾಗಿ ಬಂದ. ಅಪ್ಪ ರಿಮೋಟ್ ಕೈಗೆತ್ತಿಕೊಂಡು, "ಹೂಂ, ಹೋಯ್ತು ಇದೂ" ಅಂದರು.

"ಹೋಗಿಲ್ಲ ಅಪ್ಪ, ನಾಳೆ ಇನ್ನೊಂದು ರೇಸಿದೆ ಇವನಿಗೆ" ಅಂದೆ.

"ಸೋತ ಮೇಲೆ ಎಂಥಾ ರೇಸು?"

ಆ ಪ್ರಶ್ನೆಗೆ ಉತ್ತರ ಹೇಳೋಕೆ ಹೋಗಿ ಅವತ್ತಿನ ಮಧ್ಯಾಹ್ನವೆಲ್ಲ ಕಳೆಯಿತು. ಕಾಲೇಜಿನಲ್ಲಿ ಎನ್‌ಸಿಸಿ ನೌಕಾದಳದಲ್ಲಿದ್ದಾಗ ಭಾರೀ ಮರದ ದೋಣಿ ಎಳೆದು ಅಂಗೈ ತುಂಬ ಬೊಬ್ಬೆ ಎಬ್ಬಿಸಿಕೊಂಡವನು ನಾನು. ಆವತ್ತು ಕಲಿತಿದ್ದಕ್ಕೆ ಕೊನೆಗೂ ಒಂದು ಉಪಯೋಗ ಸಿಕ್ಕಿತಲ್ಲ ಅಂತ ಖುಷಿ :)

ಮೊದಲು ಬಂದಿದ್ದು ಅಣ್ಣನ ಮಗನ ಪ್ರಶ್ನೆ. "ಚಿಕ್ಕಪ್ಪಾ, ಇವ್ರೆಲ್ಲ ಯಾಕೆ ಹಿಂದೆ ತಿರುಗಿ ಕೂತಿದಾರೆ?" ಸರಿಯಾದ ಪ್ರಶ್ನೆಯೇ. ನಮ್ಮ ಹರಿಗೋಲಿನ ಅಂಬಿಗ ಹೋಗುವ ಕಡೆಗೇ ಮುಖ ಮಾಡಿರುತ್ತಾನೆ. ರೋಯಿಂಗ್‌ನಲ್ಲಿ ಹಾಗಲ್ಲ, ಹೋಗುವ ದಿಕ್ಕಿಗೆ ಬೆನ್ನು. ಕಾಲಿನಿಂದ ಒದ್ದು, ಜಾರುವ ಸೀಟಿನ ಮೇಲೆ ಇಡೀ ಮೈಯನ್ನು ಹಿಂದಕ್ಕೆ ತಳ್ಳಿ ಹುಟ್ಟನ್ನು ಎಳೆಯುತ್ತಾರೆ. ನೋಡೋಕೆ ತೋಳಿನ ಆಟದ ಹಾಗೆ ಕಂಡರೂ ಹೆಚ್ಚಿನ ಬಲ ಬರುವುದು ಕಾಲಿನಿಂದ. ಹೀಗೆ ಕೂರುವುದರಿಂದ ಒಂದು ಮಜಾ ಇದೆ. ಮುಂದಿರುವವನಿಗೆ ತನ್ನ ಹಿಂದೆ ಬರುತ್ತಿರುವವರೆಲ್ಲ ಕಾಣುತ್ತಾರೆ. ಹಿಂದೆ ಬಿದ್ದವನಿಗೆ ಮುಂದಿನವರು ಕಾಣುವುದೇ ಇಲ್ಲ, ಕತ್ತು ತಿರುಗಿಸಿ ನೋಡಬೇಕು.

ಬಲರಾಜ್‌ನ ಎರಡೂ ಕೈಯಲ್ಲಿ ಒಂದೊಂದು ಹುಟ್ಟಿತ್ತು. ಹೀಗೆ ಒಬ್ಬನೇ ಜೋಡಿ ಹುಟ್ಟು ಹಾಕುವುದಕ್ಕೆ ಸ್ಕಲ್ಲಿಂಗ್ ಅನ್ನುತ್ತಾರೆ, ಆ ಸಣ್ಣ ಹುಟ್ಟುಗಳೇ ಸ್ಕಲ್‌ಗಳು. ಒಬ್ಬನಿದ್ದರೆ ಸಿಂಗಲ್ ಸ್ಕಲ್ಸ್, ಇಬ್ಬರಿದ್ದರೆ ಡಬಲ್, ನಾಲ್ವರಿದ್ದರೆ ಕ್ವಾಡ್ರುಪಲ್. ಇನ್ನೊಂದು ಬಗೆಯಲ್ಲಿ ಪ್ರತಿಯೊಬ್ಬನಿಗೂ ಒಂದೇ ಉದ್ದನೆಯ ಹುಟ್ಟು, ಅದನ್ನೇ ಎರಡೂ ಕೈಯಲ್ಲಿ ಹಿಡಿದು ಎಳೆಯಬೇಕು. ಅದು ಸ್ವೀಪ್. ಒಬ್ಬ ಎಡಕ್ಕೆ ಎಳೆದರೆ ಇನ್ನೊಬ್ಬ ಬಲಕ್ಕೆ ಎಳೆಯಬೇಕು, ಇಲ್ಲದಿದ್ದರೆ ದೋಣಿ ಗಿರಕಿ ಹೊಡೆಯುತ್ತದೆ. ಹಾಗಾಗಿ ಸ್ವೀಪ್‌ನಲ್ಲಿ ಒಬ್ಬನೇ ಇರುವ ರೇಸಿಲ್ಲ, ಕನಿಷ್ಠ ಇಬ್ಬರು ಬೇಕು.

ಟಿವಿಯಲ್ಲಿ ಬರುವ M1x, M2-, M8+ ಅನ್ನೋ ಸಂಕೇತಗಳನ್ನು ಓದೋಕೆ ಇಷ್ಟು ಸಾಕು. ಮೊದಲ ಅಕ್ಷರ ಗಂಡಸರದೋ ಹೆಂಗಸರದೋ ಅಂತ ಹೇಳುತ್ತದೆ (M ಇದ್ದರೆ ಗಂಡಸರು, W ಇದ್ದರೆ ಹೆಂಗಸರು), ಅಂಕಿ ಎಷ್ಟು ಜನ ಅಂತ. x ಇದ್ದರೆ ಜೋಡಿ ಹುಟ್ಟಿನ ಸ್ಕಲ್ಲಿಂಗ್. ಮೈನಸ್ ಅಥವಾ ಪ್ಲಸ್ ಇದ್ದರೆ ಸ್ವೀಪ್, ಅದರಲ್ಲಿ ಪ್ಲಸ್ ಅಂದರೆ ಜೊತೆಗೊಬ್ಬ ಕಾಕ್ಸ್‌ವೇನ್ ಇದ್ದಾನೆ ಅಂತ. ಬರೆಯುವುದು ಕಾಕ್ಸ್‌ವೇನ್, ಬಾಯಲ್ಲಿ 'ಕಾಕ್ಸನ್', ಇನ್ನೂ ಚಿಕ್ಕದಾಗಿ 'ಕಾಕ್ಸ್'.

ಕಾಕ್ಸ್ ಅಂದರೆ ಚುಕ್ಕಾಣಿ ಹಿಡಿಯುವವನು. ಮಾತಲ್ಲಿ ಹೇಳಿದರೆ ಅರ್ಥವಾಗಲಿಲ್ಲ ಅಂತ ಮೊಬೈಲಿನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಪುರುಷರ ಎಂಟರ ರೇಸ್ ಹಾಕಿ ತೋರಿಸಿದೆ. 2023ರ ಸೆಪ್ಟೆಂಬರಿನಲ್ಲಿ ನಮ್ಮವರು ಅದರಲ್ಲಿ ಬೆಳ್ಳಿ ಗೆದ್ದಿದ್ದರು. ಎಂಟು ಜನ ಬೆವರು ಸುರಿಸಿ ಎಳೆಯುತ್ತಿದ್ದರೆ ಒಂಬತ್ತನೆಯವನು, ಧನಂಜಯ್ ಪಾಂಡೆ, ಅವರಿಗೆ ಎದುರಾಗಿ ಹುಟ್ಟೇ ಇಲ್ಲದೆ ಕೂತಿದ್ದಾನೆ.

"ಇವನೊಬ್ಬ ಸುಮ್ನೆ ಭಾರ ಅಲ್ವಾ?" ಅಂದ ಹುಡುಗ.

ಭಾರ ಹೌದು, ಸುಮ್ನೆ ಅಲ್ಲ. ಆ ದೋಣಿಯಲ್ಲಿ ಮುಂದೆ ಏನಿದೆ ಅಂತ ಕಾಣುವುದು ಅವನೊಬ್ಬನಿಗೇ. ಉಳಿದ ಎಂಟು ಜನರಿಗೆ ಕಾಣುವುದು ಎದುರಿನವನ ಬೆನ್ನು, ತೀರಾ ಹಿಂದಿನ ತುದಿಯಲ್ಲಿರುವವನಿಗೆ ಮಾತ್ರ ಕಾಕ್ಸ್‌ನ ಮುಖ. ಪಕ್ಕದ ದೋಣಿ ಎಷ್ಟು ಹತ್ತಿರ ಬಂತು, ಯಾವಾಗ ವೇಗ ಏರಿಸಬೇಕು, ಯಾರ ಹುಟ್ಟು ತಡವಾಗಿ ನೀರಿಗೆ ಬೀಳುತ್ತಿದೆ, ಎಲ್ಲವನ್ನೂ ಅವನು ಮೈಕಿನಲ್ಲಿ ಹೇಳುತ್ತಿರುತ್ತಾನೆ. ಚುಕ್ಕಾಣಿಯನ್ನು ಎಷ್ಟು ಕಡಿಮೆ ಮುಟ್ಟುತ್ತಾನೋ ಅಷ್ಟು ಒಳ್ಳೆಯದು, ಯಾಕೆಂದರೆ ಅದು ತಿರುಗಿದಾಗಲೆಲ್ಲ ನೀರನ್ನು ತಡೆದು ದೋಣಿಯನ್ನು ನಿಧಾನ ಮಾಡುತ್ತದೆ. ಇನ್ನು ಭಾರದ ವಿಷಯ. ತೀರಾ ಸಣಕಲ ಹುಡುಗನನ್ನು ಕೂರಿಸಿ ಲಾಭ ಮಾಡಿಕೊಳ್ಳಬಾರದು ಅಂತ ಕಾಕ್ಸ್‌ಗೆ ಕನಿಷ್ಠ 55 ಕೆಜಿ ಅಂತ ನಿಯಮವಿದೆ. ಕಡಿಮೆ ಬಿದ್ದರೆ ಅಷ್ಟು ಭಾರವನ್ನು ದೋಣಿಯಲ್ಲಿ ಅವನ ಹತ್ತಿರವೇ ಇಡಬೇಕು. ಬಲರಾಜ್‌ಗೆ ಕಾಕ್ಸ್ ಇಲ್ಲ, ಸಿಂಗಲ್‌ನಲ್ಲಿ ಚುಕ್ಕಾಣಿಯೂ ಇಲ್ಲ. ಒಂದು ಕೈ ಸ್ವಲ್ಪ ಜೋರಾಗಿ ಎಳೆದು ದಾರಿ ಸರಿಮಾಡಿಕೊಳ್ಳಬೇಕು. ಆಗಾಗ ತಿರುಗಿ ನೋಡುವುದೂ ಅದಕ್ಕೇ.

ಇಷ್ಟೊತ್ತೂ ಸುಮ್ಮನಿದ್ದ ಅಪ್ಪ ಮತ್ತೆ ತಮ್ಮ ಪ್ರಶ್ನೆಗೇ ಬಂದರು. "ಅದಿರ್ಲಿ, ನಾಳೆ ಎಂಥಾ ರೇಸು?"

ಅದರ ಹೆಸರು ರೆಪೆಶಾಜ್. ಫ್ರೆಂಚ್ ಪದ. ಮುಳುಗಿದ್ದನ್ನು ಮತ್ತೆ ನೀರಿನಿಂದ ಎತ್ತಿಕೊಳ್ಳುವುದು ಅಂತ ಅರ್ಥ. ಫ್ರೆಂಚರು ಪರೀಕ್ಷೆಯಲ್ಲಿ ಸ್ವಲ್ಪದರಲ್ಲೇ ಫೇಲಾದವನನ್ನು ದಾಟಿಸುವುದಕ್ಕೂ ಇದೇ ಪದ ಬಳಸುತ್ತಾರೆ.

"ಸಪ್ಲಿಮೆಂಟರಿ ಅನ್ನು ಹಾಗಾದ್ರೆ" ಅಂದರು ಅಪ್ಪ, ನನ್ನ ಕಡೆ ನೋಡದೆ. ನನ್ನ ಮೂರನೇ ಸೆಮಿಸ್ಟರಿನ ಗಣಿತ ಇಬ್ಬರಿಗೂ ನೆನಪಾಯಿತು. ಆಗ ಅಪ್ಪ ಒಂದು ವಾರ ನನ್ನ ಜೊತೆ ಮಾತಾಡಿರಲಿಲ್ಲ.

ರೆಪೆಶಾಜ್ ಅನ್ನುವ ಪದ ನಮಗೆ ಕುಸ್ತಿಯಿಂದ ಪರಿಚಯ. 2016ರ ರಿಯೋದಲ್ಲಿ ಸಾಕ್ಷಿ ಮಲಿಕ್ ಕಂಚು ಗೆದ್ದಿದ್ದು ಹಾಗೇ. ಆದರೆ ಎರಡೂ ಒಂದೇ ಅಲ್ಲ. ಕುಸ್ತಿಯಲ್ಲಿ ನಿಮ್ಮನ್ನು ಸೋಲಿಸಿದವರು ಫೈನಲ್ ತಲುಪಿದರೆ ಮಾತ್ರ ನಿಮಗೆ ಆ ಅವಕಾಶ, ಅದರಲ್ಲೂ ಸಿಗುವುದು ಹೆಚ್ಚೆಂದರೆ ಕಂಚು. ಪ್ಯಾರಿಸ್‌ನ ರೋಯಿಂಗ್‌ನಲ್ಲಿ ನಿಮ್ಮನ್ನು ಸೋಲಿಸಿದವನ ಗತಿ ಏನಾದರೂ ಆಗಲಿ, ಅವಕಾಶ ನಿಮ್ಮದಾಗಿತ್ತು. ಅದರಲ್ಲಿ ಪಾಸಾದರೆ ಚಿನ್ನದ ಬಾಗಿಲೂ ಮುಚ್ಚಿರುತ್ತಿರಲಿಲ್ಲ.

ಪ್ಯಾರಿಸ್‌ನಲ್ಲಿ ಪುರುಷರ ಸಿಂಗಲ್ ಸ್ಕಲ್ಸ್‌ಗೆ ಲೆಕ್ಕ ಹೀಗಿತ್ತು. ಆರು ಹೀಟ್, ಪ್ರತಿಯೊಂದರಲ್ಲೂ ಮೊದಲ ಮೂವರು ನೇರ ಕ್ವಾರ್ಟರ್ ಫೈನಲ್‌ಗೆ. ಅಲ್ಲಿಗೆ 18 ಜನ. ಉಳಿದವರನ್ನೆಲ್ಲ ಮೂರು ರೆಪೆಶಾಜ್‌ಗಳಿಗೆ ಹಂಚಿ, ಪ್ರತಿಯೊಂದರಿಂದ ಇಬ್ಬರು. ಅಲ್ಲಿಗೆ ಇನ್ನೂ 6, ಒಟ್ಟು 24. (ಬೇರೆ ಕೂಟಗಳಲ್ಲಿ ಲೆಕ್ಕ ಬೇರೆ ಇರಬಹುದು, ರೇಸಿನ ಮುಂಚೆ ನೋಡಿಕೊಳ್ಳುವುದು ಒಳ್ಳೆಯದು.) ಹಾಗಾಗಿ ಹೀಟ್ ನೋಡುವಾಗ ಮೊದಲ ದೋಣಿಗಿಂತ ಮೂರನೆಯದು ಮತ್ತು ನಾಲ್ಕನೆಯದರ ಮೇಲೆ ಕಣ್ಣಿಡಬೇಕಿತ್ತು. ನಿಜವಾದ ಜಗಳ ಇದ್ದಿದ್ದು ಅಲ್ಲಿ. ಬಲರಾಜ್ 2000 ಮೀಟರನ್ನು 7:07.11ರಲ್ಲಿ ಮುಗಿಸಿದ, ಮೂರನೆಯವನಾದ ಈಜಿಪ್ಟಿನ ಎಲ್ ಬನ್ನಾ 7:05.06. ವ್ಯತ್ಯಾಸ ಎರಡು ಸೆಕೆಂಡ್. ಆ ವೇಗದಲ್ಲಿ ಅದು ಸುಮಾರು ಒಂಬತ್ತೂವರೆ ಮೀಟರ್, ಅವನ ದೋಣಿಯ ಉದ್ದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಭಾನುವಾರ ಮಧ್ಯಾಹ್ನ ಅಪ್ಪನೇ ಟಿವಿ ಹಾಕಿದರು. ಬಲರಾಜ್ ಮೊನಾಕೊದವನ ಹಿಂದೆ ಎರಡನೆಯವನಾಗಿ ಬಂದ. ಕ್ವಾರ್ಟರ್ ಫೈನಲ್ ಗ್ಯಾರಂಟಿ! ಸಮಯ 7:12.41. ಅಪ್ಪ ಕನ್ನಡಕ ಸರಿಮಾಡಿಕೊಂಡು, "ನಿನ್ನೆಗಿಂತ ಐದು ಸೆಕೆಂಡ್ ನಿಧಾನ ಅಲ್ವೋ? ನಿನ್ನೆ ಜೋರಾಗಿ ಬಂದು ಫೇಲು, ಇವತ್ತು ನಿಧಾನವಾಗಿ ಬಂದು ಪಾಸಾ?" ಅಂದರು.

ರೋಯಿಂಗ್ ನೋಡುವ ಹೊಸಬರೆಲ್ಲ ಎಡವುವುದು ಇಲ್ಲೇ. ಒಂದು ದಿನದ ಸಮಯವನ್ನು ಇನ್ನೊಂದು ದಿನದ್ದಕ್ಕೆ ಹೋಲಿಸಲು ಬರುವುದಿಲ್ಲ. ಎದುರುಗಾಳಿಯಿದ್ದರೆ ಎಲ್ಲರೂ ನಿಧಾನ, ಹಿಂದಿನಿಂದ ಬೀಸಿದರೆ ಎಲ್ಲರೂ ವೇಗ. ಅದಕ್ಕೇ ಈ ಆಟದಲ್ಲಿ 'ವಿಶ್ವದಾಖಲೆ' ಅನ್ನದೆ 'ವಿಶ್ವದ ಅತ್ಯುತ್ತಮ ಸಮಯ' ಅನ್ನುತ್ತಾರೆ. ರೆಪೆಶಾಜ್‌ನಲ್ಲಿ ಲೆಕ್ಕಕ್ಕೆ ಬಂದಿದ್ದು ನೀನು ಎಷ್ಟನೆಯವನು ಅನ್ನುವುದೊಂದೇ.

ಆದರೆ ಸಪ್ಲಿಮೆಂಟರಿಗೆ ಫೀಸೂ ಇದೆ. ಹೀಟ್‌ನಲ್ಲೇ ಪಾಸಾದವರು ಭಾನುವಾರ ಕಾಲು ಚಾಚಿ ಕೂತಿದ್ದರು, ಬಲರಾಜ್ ಆಗ ಇನ್ನೊಂದು 2000 ಮೀಟರ್ ಎಳೆದ. ಕ್ವಾರ್ಟರ್ ಫೈನಲ್‌ನಲ್ಲಿ 7:05.10, ಐದನೆಯವನು. ಅಲ್ಲಿಗೆ ಪದಕದ ಆಸೆ ಮುಗಿಯಿತು, ಆದರೆ ರೇಸು ಮುಗಿಯಲಿಲ್ಲ. ಕ್ವಾರ್ಟರ್‌ನಲ್ಲಿ ಕೊನೆಯ ಮೂವರಲ್ಲಿ ಬಂದವರಿಗೆ ಸಿ/ಡಿ ಸೆಮಿಫೈನಲ್ ಇತ್ತು, ಅದು 13ರಿಂದ 24ರವರೆಗಿನ ಸ್ಥಾನ ತೀರ್ಮಾನಿಸಲು. ಅದರಲ್ಲಿ ಬಲರಾಜ್ 7:04.97ರಲ್ಲಿ ಆರನೆಯವನು. ಆಮೇಲೆ ಫೈನಲ್ ಡಿ, ಅಂದರೆ 19ರಿಂದ 24. ಅದರಲ್ಲಿ ಐದನೆಯವನು, ಒಟ್ಟಾರೆ 23. ಸಮಯ 7:02.37. ಏಳು ದಿನಗಳಲ್ಲಿ ಎಳೆದ ಐದು ರೇಸುಗಳಲ್ಲಿ ಅದೇ ಅವನ ಅತಿ ಕಡಿಮೆ ಸಮಯ. ಗಾಳಿಯ ಮಾತು ಆಗಲೇ ಹೇಳಿದ್ದೇನೆ, ಇದರಿಂದ ಅವನು ದಿನದಿನಕ್ಕೂ ಚುರುಕಾದ ಅಂತ ಸಾಧಿಸೋಕೆ ಆಗಲ್ಲ. ಆದರೆ ಪದಕ ಇಲ್ಲ ಅಂತ ಗೊತ್ತಾದ ಮೇಲೂ ಕೈಬಿಟ್ಟವನ ಸಮಯ ಇದಲ್ಲ ಅಂತ ನನಗನ್ನಿಸುತ್ತೆ.

ಅಷ್ಟರಲ್ಲಿ ನಾನು ಬೆಂಗಳೂರಿಗೆ ವಾಪಸ್ ಬಂದಿದ್ದೆ. ಸಂಜೆ ಅಪ್ಪ ಫೋನ್ ಮಾಡಿದರು. ಪಕ್ಕದ ಮನೆಯ ರಾಯರು '23ನೇ ಸ್ಥಾನಕ್ಕೆ ಅಷ್ಟು ದೂರ ಹೋಗಬೇಕಿತ್ತಾ' ಅಂದರಂತೆ. ಅಪ್ಪ ಅವರನ್ನು ಕೂರಿಸಿಕೊಂಡು, ಮೂವತ್ತಕ್ಕೂ ಹೆಚ್ಚು ಜನರಲ್ಲಿ 23 ಅಂದರೆ ಏನು, ರೆಪೆಶಾಜ್ ಅಂದರೆ ಏನು, ಎಲ್ಲಾ ವಿವರಿಸಿದರಂತೆ. "ಉಚ್ಚಾರ ಸರಿ ಇತ್ತೋ ಇಲ್ವೋ ಗೊತ್ತಿಲ್ಲ" ಅಂದರು.

ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನ ಆ ಗಣಿತ ಎರಡನೇ ಸಲಕ್ಕೆ ಎಷ್ಟು ಬಂದಿತ್ತೋ? ನಾನು ಆಗ ಕೇಳ್ಲೇ ಇಲ್ಲ ಅನ್ಸುತ್ತೆ" ಅಂದರು.

61 ಬಂದಿತ್ತು. ಹೇಳಿದೆ.