ಮುಟ್ಟಿನ ಮುಂಚಿನ ವಾರ

ಮುಟ್ಟಿಗೆ ಮುಂಚಿನ ವಾರದ ಸಿಡುಕು, ಕಾರಣವಿಲ್ಲದ ಅಳು ಬೇರೆ. ಮುಟ್ಟಾದ ದಿನದ ಹೊಟ್ಟೆನೋವು ಬೇರೆ. ನಮ್ಮ ಮನೆಗಳಲ್ಲಿ ಎರಡನ್ನೂ ಒಟ್ಟಿಗೆ ಸೇರಿಸಿ "ಅವಳಿಗೆ ಈಗ ಹಾಗೇ ಬಿಡು" ಅಂದು ಮುಗಿಸುತ್ತಾರೆ. ಔಷಧಿ ಅಂಗಡಿಯಲ್ಲೂ ಹಾಗೆಯೇ. ಎರಡಕ್ಕೂ ಸೇರಿಸಿ ಒಂದೇ ಪೊಟ್ಟಣ ಕೈಗೆ ಬರುತ್ತದೆ.

ಮೈಸೂರಿನ ಹಾಸ್ಟೆಲಿನಲ್ಲಿರುವ ನಮ್ಮಣ್ಣನ ಮಗಳು ರಜೆಗೆ ಬಂದಾಗ ಅಂಥದೊಂದು ಪೊಟ್ಟಣ ತಂದಿದ್ದಳು. ಕ್ಯಾಲ್ಸಿಯಂ, ಮೆಗ್ನೀಸಿಯಂ, ಬಿ6, ಮೂರೂ ಇದ್ದವು. "ಅತ್ತೆ, ಇವನ್ನ ತಗೊಂಡ್ರೆ ಈ ಸಲ ಅಳು ಬರಲ್ವಾ?" ಅಂತ ಕೇಳಿದಳು. ಅವಳಿಗೆ ಉತ್ತರ ಹೇಳುವುದಕ್ಕೆಂದೇ ಕೂತು ಓದಿದೆ.

ಮೂರರಲ್ಲಿ ಗಟ್ಟಿಯಾಗಿ ನಿಲ್ಲುವುದು ಕ್ಯಾಲ್ಸಿಯಂ. 1998ರಲ್ಲಿ ಅಮೆರಿಕದ ವೈದ್ಯೆ ಸೂಸನ್ ಥೈಸ್-ಜೇಕಬ್ಸ್ ಮತ್ತು ಸಂಗಡಿಗರು ನಾನೂರಕ್ಕೂ ಹೆಚ್ಚು ಹೆಂಗಸರ ಮೇಲೆ ಮಾಡಿದ ಪ್ರಯೋಗ ಪ್ರಕಟವಾಯಿತು. ಅರ್ಧ ಜನಕ್ಕೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ, ಉಳಿದರ್ಧಕ್ಕೆ ಅದರಂತೆಯೇ ಕಾಣುವ ಔಷಧಿಯಿಲ್ಲದ ಮಾತ್ರೆ. ಮೂರನೆಯ ತಿಂಗಳ ಹೊತ್ತಿಗೆ ಕ್ಯಾಲ್ಸಿಯಂ ನುಂಗಿದವರ ತೊಂದರೆ ಸುಮಾರು ಶೇಕಡಾ 48 ಇಳಿಯಿತು. ಬರಿಯ ಮಾತ್ರೆ ನುಂಗಿದವರದೂ ಶೇಕಡಾ 30 ಇಳಿದಿತ್ತು! ಈ ಎರಡನೆಯ ಅಂಕಿಯನ್ನು ನಾನು ಬಹಳ ಹೊತ್ತು ನೋಡುತ್ತ ಕೂತೆ. ಯಾರೋ ನಮ್ಮ ಕಷ್ಟವನ್ನು ಕೇಳಿ ಬರೆದುಕೊಳ್ಳುತ್ತಾರೆ, ಏನೋ ಮದ್ದು ಕೊಡುತ್ತಾರೆ ಅನ್ನುವುದರಿಂದಲೇ ಇಷ್ಟು ಹಗುರವಾಗುತ್ತದೆ. ಹಾಗಾಗಿ ಗೆಳತಿಯೊಬ್ಬಳು "ನಂಗೆ ಇದರಿಂದ ವಾಸಿಯಾಯ್ತು" ಅಂದರೆ ಅವಳ ಮಾತು ಸುಳ್ಳಲ್ಲ, ಆದರೆ ಮಾತ್ರೆಗೆ ಅದು ಸಾಕ್ಷಿಯೂ ಅಲ್ಲ. ಮಾತ್ರೆಯ ನಿಜವಾದ ಪಾಲು ಆ ಎರಡು ಅಂಕಿಗಳ ನಡುವಿನ ಅಂತರದಷ್ಟು. ಅದೂ ಮೊದಲ ತಿಂಗಳೇ ಕಾಣುವುದಿಲ್ಲ. ಎರಡು ಮೂರು ಮುಟ್ಟು ಕಾಯಬೇಕು.

ಕ್ಯಾಲ್ಸಿಯಂ ಮಾತ್ರೆಯ ಹಾಳೆಯನ್ನು ತಿರುಗಿಸಿ ಓದಿದೆವು. ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿಲಿಗ್ರಾಂ ಅಂತ ಇತ್ತು. ಇವಳು ಅಷ್ಟೇ ನೋಡಿ ಒಂದೇ ಮಾತ್ರೆ ಸಾಕೆಂದುಕೊಂಡಿದ್ದಳು. ಕಾರ್ಬೊನೇಟಿನಲ್ಲಿ ಕ್ಯಾಲ್ಸಿಯಂ ಇರುವುದು ಶೇಕಡಾ 40 ಮಾತ್ರ, ಅಂದರೆ ಆ ಮಾತ್ರೆಯಲ್ಲಿ ಸಿಗುವುದು 500 ಮಿಲಿಗ್ರಾಂ. ಪ್ರಯೋಗದ ಲೆಕ್ಕಕ್ಕೆ ಎರಡು ಮಾತ್ರೆಯೂ ಸ್ವಲ್ಪ ಕಡಿಮೆಯೇ. ಒಂದೇ ಸಲಕ್ಕೆ 500ಕ್ಕಿಂತ ಹೆಚ್ಚು ನುಂಗಿದರೆ ಮೈಗೆ ಹತ್ತುವ ಪಾಲು ಇಳಿಯುತ್ತದೆ. ಅದಕ್ಕೇ ಬೆಳಿಗ್ಗೆ ಒಂದು, ರಾತ್ರಿ ಒಂದು, ಎರಡೂ ಊಟದ ಜೊತೆಗೆ. ಕಬ್ಬಿಣದ ಮಾತ್ರೆ, ಥೈರಾಯ್ಡ್ ಮಾತ್ರೆ ತಗೊಳ್ಳುವವರು ಕೆಲವು ಗಂಟೆ ಅಂತರ ಕೊಡಲೇಬೇಕು, ಇಲ್ಲವಾದರೆ ಅವು ಸರಿಯಾಗಿ ಮೈಗೆ ಹತ್ತುವುದಿಲ್ಲ. ಕಿಡ್ನಿಯಲ್ಲಿ ಕಲ್ಲಾದವರು ವೈದ್ಯರನ್ನು ಕೇಳದೆ ಮುಟ್ಟಬಾರದು. ನಮ್ಮ ಹುಡುಗಿ ಮನೆಯಲ್ಲಿದ್ದರೆ ದಿನಾ ರಾಗಿ ಮುದ್ದೆ ಉಣ್ಣುತ್ತಾಳೆ. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇರುತ್ತದೆ. ಹಾಸ್ಟೆಲಿನ ಬಿಳಿ ಅನ್ನ, ತಿಳಿಸಾರಿನಲ್ಲಿ ಅದೆಲ್ಲಿ ಬರಬೇಕು?

ಬಿ6 ವಿಷಯಕ್ಕೆ ಬಂದರೆ ಮಾತು ಮೆತ್ತಗಾಗುತ್ತದೆ. 1999ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಒಂಬತ್ತು ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಮರ್ಶೆಯನ್ನು ಪ್ರಕಟಿಸಿತು. ದಿನಕ್ಕೆ 100 ಮಿಲಿಗ್ರಾಂ ಒಳಗೆ ಮನಸ್ಸಿನ ತೊಂದರೆಗೆ ಉಪಯೋಗವಾಗಬಹುದು ಅಂದಿತು, ಜೊತೆಗೇ ಆ ಪ್ರಯೋಗಗಳಲ್ಲಿ ಹೆಚ್ಚಿನವು ಕಳಪೆ ಅಂತಲೂ ಬರೆಯಿತು. ನನಗೆ ಭಯವಿರುವುದು ಅತಿಯಾದಾಗಿನ ಹಾನಿಯ ಬಗ್ಗೆ. ತಿಂಗಳುಗಟ್ಟಲೆ ಜಾಸ್ತಿ ತಗೊಂಡರೆ ನರ ಕೆಡುತ್ತದೆ, ಅಂಗಾಲು ಜುಮುಗುಟ್ಟುತ್ತದೆ, ಬೆರಳು ಮರಗಟ್ಟುತ್ತದೆ. ಹಾಗಾದ ಕೂಡಲೇ ನಿಲ್ಲಿಸಬೇಕು. ಯುರೋಪಿನವರು 2023ರಲ್ಲಿ ದಿನದ ಮಿತಿಯನ್ನು 12 ಮಿಲಿಗ್ರಾಂಗೆ ಇಳಿಸಿದ್ದಾರೆ. ಇವಳ ಬಿ6 ಮಾತ್ರೆಯಲ್ಲಿ 100 ಇತ್ತು. ಅದನ್ನು ತೆಗೆದು ಪಕ್ಕಕ್ಕಿಟ್ಟೆ.

ಹೊಟ್ಟೆನೋವಿಗೆ ಮೆಗ್ನೀಸಿಯಂ ಉಪಯೋಗವೆನ್ನುವ ಪ್ರಯೋಗಗಳು ಕೆಲವಿವೆ, ಆದರೆ ಎಲ್ಲವೂ ಚಿಕ್ಕವು, ಎಷ್ಟು ಕೊಡಬೇಕೆಂಬುದೂ ಅವುಗಳಿಂದ ಇತ್ಯರ್ಥವಾಗಿಲ್ಲ. ಹೆಚ್ಚಾದರೆ ಭೇದಿಯಾಗುತ್ತದೆ. ಗರ್ಭಕೋಶದ ಒಳಪದರದಲ್ಲಿ ಹುಟ್ಟುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಅದರ ಸ್ನಾಯುಗಳನ್ನು ಹಿಂಡುವುದರಿಂದ ಆ ನೋವು ಬರುತ್ತದೆ. ಐಬುಪ್ರೊಫೇನ್, ಮೆಫೆನಾಮಿಕ್ ಆಸಿಡ್‌ನಂಥ ಮಾತ್ರೆಗಳು ಆ ರಾಸಾಯನಿಕವನ್ನೇ ತಡೆಯುತ್ತವೆ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇಲ್ಲದವರು ವೈದ್ಯರನ್ನು ಕೇಳಿ, ನೋವು ಶುರುವಾಗುತ್ತಿದ್ದಂತೆ ಊಟದ ಜೊತೆ ತಗೊಂಡರೆ ಒಳ್ಳೆಯದು. ಬಿಸಿನೀರಿನ ಚೀಲವೂ ನೋವನ್ನು ಕಡಿಮೆ ಮಾಡುತ್ತದೆ.

ಕ್ಯಾಲ್ಸಿಯಂ ಶುರುಮಾಡುವ ಮುಂಚೆ ಎರಡು ತಿಂಗಳು ದಿನಾ ರಾತ್ರಿ ಅಳು, ಸಿಡುಕು, ನಿದ್ದೆ, ನೋವು ಇಷ್ಟನ್ನು ಒಂದೊಂದು ಸಾಲು ಬರೆದಿಡು ಅಂದೆ. ಮುಟ್ಟಾದ ಕೆಲವು ದಿನಕ್ಕೆ ಅಳು ನಿಂತರೆ ಇದು ಮುಟ್ಟಿಗೆ ಸಂಬಂಧಿಸಿದ್ದು. ತಿಂಗಳಿಡೀ ಇದ್ದರೆ ಬೇರೇನೋ ಇದೆ, ಕ್ಯಾಲ್ಸಿಯಂ ಅದಕ್ಕೆ ಮದ್ದಲ್ಲ. ಬದುಕೇ ಬೇಡ ಎನ್ನಿಸುವಷ್ಟು ಮನಸ್ಸು ಕುಸಿದರಂತೂ ಒಂದು ದಿನವೂ ಕಾಯದೆ ವೈದ್ಯರ ಹತ್ತಿರ ಹೋಗಿ; ಇದಕ್ಕೆ ಒಳ್ಳೆಯ ಚಿಕಿತ್ಸೆಯಿದೆ. ಮನೆಯ ಹಿರಿಯರೇ, ಹುಡುಗಿ ಆ ಮಾತು ಆಡಿದಾಗ ದಯವಿಟ್ಟು "ಅವಳಿಗೆ ಈಗ ಹಾಗೇ" ಅನ್ನಬೇಡಿ, ಜೊತೆಗೆ ಹೋಗಿ.