‘ತೀರ್ಮಾನಿಸಲಾಯಿತು’, ಆದರೆ ಯಾರು ಮಾಡಬೇಕು?

ಚಿತ್ತಾಪುರ ತಾಲೂಕಿನ ಒಂದೂರಿನ ನೀರಿನ ಸಭೆಯ ಟಿಪ್ಪಣಿ ಮೊನ್ನೆ ಕೈಗೆ ಬಂತು. ಒಂದೂವರೆ ಪುಟ, ಒಂದೇ ಪ್ಯಾರಾ. ಅದನ್ನು ವಿಂಗಡಿಸಲು ಕೂತಾಗ ಮೊದಲು ‘ಲಾಯಿತು’ ಎಂದು ಮುಗಿಯುವ ಕ್ರಿಯಾಪದಗಳಿಗೆಲ್ಲ ಗೆರೆ ಎಳೆದೆ. ‘ಚರ್ಚಿಸಲಾಯಿತು’ ಅಂದದ್ದು ಚರ್ಚೆಯ ಕೆಳಗೆ ಹೋಯಿತು. ‘ತೀರ್ಮಾನಿಸಲಾಯಿತು’ ಅಂದದ್ದು ಮಾತ್ರ ಕೆಲಸ.

ಮೂಲದಲ್ಲಿ ಹೀಗಿತ್ತು: ‘ಮೋಟಾರು ಸುಟ್ಟಿರುವ ಬಗ್ಗೆ ಚರ್ಚಿಸಿ, ದುರಸ್ತಿ ಮಾಡಿಸಲು ಹಾಗೂ ಅಲ್ಲಿಯವರೆಗೆ ಟ್ಯಾಂಕರ್ ಕಳಿಸಲು ತೀರ್ಮಾನಿಸಲಾಯಿತು.’ ಒಂದೇ ವಾಕ್ಯ, ಎರಡು ಕೆಲಸ, ಮಾಡುವವರು ಯಾರೂ ಇಲ್ಲ. ನಮ್ಮ ಕರ್ಮಣಿ ಪ್ರಯೋಗ ಹೊಣೆಗಾರನನ್ನು ಅಷ್ಟು ಸಲೀಸಾಗಿ ಮರೆಸುತ್ತದೆ. ಬಿಡಿಸಿದ ಮೇಲೆ:

ಕುಡಿಯುವ ನೀರು
- ಮೋಟಾರು ದುರಸ್ತಿ ಮಾಡಿಸುವುದು. ಹೊಣೆ: ವಾಟರ್‌ಮನ್, ಸೋಮವಾರದೊಳಗೆ
- ಅಲ್ಲಿಯವರೆಗೆ ಟ್ಯಾಂಕರ್ ಕಳಿಸುವುದು. ಹೊಣೆ: ?

ವಾಟರ್‌ಮನ್ ಮತ್ತು ಸೋಮವಾರ, ಎರಡೂ ಟಿಪ್ಪಣಿಯ ಕೊನೆಯಲ್ಲಿ ಬೇರೆ ಮಾತಿನ ನಡುವೆ ಸಿಕ್ಕವು. ಟ್ಯಾಂಕರಿಗೆ ಯಾರ ಹೆಸರೂ ಎಲ್ಲಿಯೂ ಇರಲಿಲ್ಲ. ಊಹಿಸಿ ಪಿಡಿಒ ಎಂದು ಬರೆಯಬಾರದು. ಸಭೆ ಒಪ್ಪಿಸದ ಹೊಣೆಯನ್ನು ಬರೆಯುವವನು ಒಪ್ಪಿಸುವಂತಿಲ್ಲ. ಪ್ರಶ್ನೆಚಿಹ್ನೆ ಹಾಗೇ ಇರಲಿ. ಸಹಿಯಾದ ನಡಾವಳಿ ಪುಸ್ತಕವನ್ನೂ ತಿದ್ದಬೇಡಿ, ಈ ಪಟ್ಟಿ ಬೇರೆ ಹಾಳೆಯಲ್ಲಿರಲಿ.

ಸೇಡಂ, ಚಿಂಚೋಳಿ, ಶಹಾಬಾದ್, ವಾಡಿ ಕಡೆ ಸಭೆಯ ಟಿಪ್ಪಣಿ ಬರೆಯುವ ಗೆಳೆಯರೇ, ಇಂಥ ಪ್ರಶ್ನೆಚಿಹ್ನೆಯನ್ನು ಜನ ಸಭೆಯಿಂದ ಎದ್ದು ಮನೆಗೆ ಹೊರಡುವ ಮೊದಲೇ ಓದಿ ಹೇಳಿ.